ಪುಟಕ್ಕೆ ಬೀಗ, ವಿಡಿಯೋಗೆ ಇಲ್ಲ

ನಮ್ಮ ಓಣಿಯ ಪೇಟಿ ಮಾಸ್ತರರ ಹತ್ತಿರ ನನ್ನ ಅಕ್ಕ ನಾಲ್ಕು ವರ್ಷ ಹಾರ್ಮೋನಿಯಂ ಕಲಿತಿದ್ದಳು. ಕಳೆದ ವರ್ಷ ಮೊಣಕಾಲಿನ ಆಪರೇಷನ್ ಆದ ಮೇಲೆ ಮಾಸ್ತರರು ಮನೆಮನೆಗೆ ಹೋಗಿ ಪಾಠ ಹೇಳುವುದು ನಿಂತುಹೋಯಿತು. ಮನೆ ನಡೆಯುತ್ತಿದ್ದುದೇ ಆ ಪಾಠಗಳಿಂದ. ಅಕ್ಕನೇ ನನಗೆ ಹೇಳಿದಳು: "ಕಂಪ್ಯೂಟರ್ ಸೈನ್ಸ್ ಓದ್ತೀಯಲ್ಲ, ಅವರಿಗೊಂದು ವೆಬ್‌ಸೈಟ್ ಮಾಡಿಕೊಡು."

ಸೈಟು ಕಟ್ಟುವುದು ಕಷ್ಟವಾಗಲಿಲ್ಲ. ವರ್ಡ್‌ಪ್ರೆಸ್ ಹಾಕಿ, ಹಣ ಕಟ್ಟಿದವರಿಗೆ ಮಾತ್ರ ಪುಟ ತೆರೆಯುವ ಒಂದು ಪ್ಲಗಿನ್ ಸೇರಿಸಿದೆ. ಹಣ ಪಡೆಯುವ ಖಾತೆಯನ್ನು ಮಾಸ್ತರರ ಪ್ಯಾನ್ ಮತ್ತು ಬ್ಯಾಂಕ್ ವಿವರ ಕೊಟ್ಟು ಅವರ ಹೆಸರಿನಲ್ಲೇ ತೆರೆದೆವು. ಒಟ್ಟು 24 ಪಾಠ, ಶುಲ್ಕ 1,200 ರೂಪಾಯಿ. ಮೊದಲ ಆರು ಪಾಠಗಳನ್ನು ನಾನೇ ಫೋನಿನಲ್ಲಿ ಚಿತ್ರೀಕರಿಸಿ, ನೇರವಾಗಿ ಸೈಟಿನ `wp-content/uploads` ಫೋಲ್ಡರಿಗೆ ಹಾಕಿದೆ. ತಪ್ಪಾಗಿದ್ದು ಇಲ್ಲೇ.

ಒಂಬತ್ತು ಜನ ಸೇರಿದರು. ಹತ್ತನೆಯವರು ಬರಲೇ ಇಲ್ಲ. ಮೂರು ವಾರದ ನಂತರ ಅಕ್ಕನ ಗೆಳತಿಯೊಬ್ಬಳು ಒಂದು ವಾಟ್ಸಾಪ್ ಗುಂಪಿನಲ್ಲಿ ಬಂದ ಲಿಂಕ್ ತೋರಿಸಿದಳು. ಒತ್ತಿದರೆ ಲಾಗಿನ್ ಕೇಳದೆ ಮಾಸ್ತರರ ಬೆರಳುಗಳು ಪೇಟಿಯ ಮೇಲೆ ಓಡಾಡತೊಡಗಿದವು. ಪ್ಲಗಿನ್ ಕಾಯುತ್ತಿದ್ದುದು ಪುಟವನ್ನು. ಪುಟದೊಳಗಿನ ವಿಡಿಯೋ ಫೈಲಿಗೆ ತನ್ನದೇ ವಿಳಾಸವಿದೆ, ಅದಕ್ಕೆ ಬೀಗವೇ ಇರಲಿಲ್ಲ. ಮನೆಯ ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟಂತೆ. ಇದನ್ನು ಪರೀಕ್ಷಿಸಲು ಒಂದು ನಿಮಿಷ ಸಾಕಿತ್ತು: ವಿಡಿಯೋ ವಿಳಾಸವನ್ನು ಕಾಪಿ ಮಾಡಿ, ಲಾಗಿನ್ ಇಲ್ಲದ ಪ್ರೈವೇಟ್ ವಿಂಡೋದಲ್ಲಿ ತೆರೆದು ನೋಡುವುದು. ನಾನು ಮಾಡಿರಲಿಲ್ಲ.

ಮಾಸ್ತರರಿಗೆ ಹೇಳಲು ಎರಡು ದಿನ ಧೈರ್ಯ ಬರಲಿಲ್ಲ. ಹೇಳಿದಾಗ ಅವರು ಬೈಯಲಿಲ್ಲ. "ತಮ್ಮಾ, ಮುಂದಿನ ಪಾಠರ ಉಳಿಸಬಹುದೇನ ನೋಡು" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಯೂಟ್ಯೂಬಿನಲ್ಲಿ `Unlisted` ಎಂದು ಹಾಕಿಬಿಡು, ಖರ್ಚಿಲ್ಲ ಎಂದು ಗೆಳೆಯರು ಹೇಳಿದರು. ಆದರೆ ಹಾಗೆ ಹಾಕಿದ ವಿಡಿಯೋ ಹುಡುಕಿದರೆ ಸಿಗದು ಅಷ್ಟೆ. ಲಿಂಕ್ ಇದ್ದವರೆಲ್ಲ ನೋಡಬಹುದು. ನಮ್ಮ ಸಮಸ್ಯೆಯೇ ಲಿಂಕ್ ಹಂಚುವುದು. `Private` ಎಂದಿಟ್ಟರೆ ನಮ್ಮ ಪುಟದೊಳಗೆ ಅದು ಓಡುವುದೇ ಇಲ್ಲ.

ಕೊನೆಗೆ ವಿಡಿಯೋಗಳಿಗಾಗಿಯೇ ಇರುವ ಬನ್ನಿ ಸ್ಟ್ರೀಮ್ ಸೇವೆಯನ್ನು ಆರಿಸಿದೆವು. ಅಲ್ಲಿ ಇಟ್ಟ ಜಾಗಕ್ಕೂ ನೋಡುಗರಿಗೆ ಹರಿದುಹೋದ ಡೇಟಾಕ್ಕೂ ಜಿಬಿ ಲೆಕ್ಕದಲ್ಲಿ ಹಣ. ಹಾಗಾಗಿ ಮೊದಲು ಗಾತ್ರ ಇಳಿಸಬೇಕಿತ್ತು. ಹನ್ನೆರಡು ನಿಮಿಷದ ಒಂದು ಪಾಠ ಫೋನಿನಲ್ಲಿ ಸುಮಾರು ಒಂದೂವರೆ ಜಿಬಿ ಆಗುತ್ತಿತ್ತು. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ 720p ಗೆ ಇಳಿಸಿದಾಗ 150 ಎಂಬಿ ಆಯಿತು. ಕ್ಯಾಮೆರಾ ಅಲುಗಾಡುವುದಿಲ್ಲ, ಬೆರಳು ಮಾತ್ರ ಚಲಿಸುತ್ತವೆ, ಆದ್ದರಿಂದ ಚಿತ್ರ ಕೆಡಲಿಲ್ಲ. ಧ್ವನಿಯನ್ನು ಮಾತ್ರ ಕಡಿಮೆ ಮಾಡಲಿಲ್ಲ. ಸಂಗೀತದ ಪಾಠದಲ್ಲಿ ಉಳಿತಾಯ ಮಾಡುವುದಾದರೆ ಚಿತ್ರದಲ್ಲಿ ಮಾಡಬೇಕು.

24 ಪಾಠಕ್ಕೆ ಮೂರೂವರೆ ಜಿಬಿ ಚಿಲ್ಲರೆ, ಇಡಲು ಅದೇನೂ ದೊಡ್ಡದಲ್ಲ. ಆದರೆ ಸಂಗೀತ ಕಲಿಯುವವರು ಒಂದೇ ಅಲಂಕಾರವನ್ನು ಮತ್ತೆ ಮತ್ತೆ ಹಾಕಿ ನೋಡುತ್ತಾರೆ. ಪ್ರತಿ ಪಾಠವನ್ನು ಐದು ಸಲ ನೋಡಿದರೂ ಒಬ್ಬರಿಗೆ 18 ಜಿಬಿ, 30 ಜನರಿಗೆ 540 ಜಿಬಿ. ಖರ್ಚು ಬರುವುದು ಇಡುವುದರಿಂದಲ್ಲ, ಹರಿಯುವುದರಿಂದ. ಈ ಲೆಕ್ಕ ಹಾಕಿದ ಮೇಲೇ ಶುಲ್ಕವನ್ನು 1,500ಕ್ಕೆ ಏರಿಸಿದೆವು.

ಬೀಗದ ವಿಷಯ ಹೀಗೆ: ವಿದ್ಯಾರ್ಥಿ ಪುಟ ತೆರೆದಾಗ ನಮ್ಮ ಸರ್ವರ್ ಎರಡು ಗಂಟೆ ಮಾತ್ರ ನಡೆಯುವ ಒಂದು ಗುರುತನ್ನು ತಯಾರಿಸಿ ಲಿಂಕಿಗೆ ಸೇರಿಸುತ್ತದೆ.

```php
$expires = time() + 7200;
$token = hash('sha256', $key . $videoId . $expires);
```

`$key` ಎನ್ನುವ ಗುಪ್ತ ಕೀಲಿ ಸರ್ವರಿನಲ್ಲೇ ಉಳಿಯಬೇಕು, ಪುಟದ ಜಾವಾಸ್ಕ್ರಿಪ್ಟಿನಲ್ಲಿ ಬರೆದರೆ ಯಾರಾದರೂ ಓದಿಬಿಡುತ್ತಾರೆ. ಸಮಯವನ್ನೂ ಸೇರಿಸಿಯೇ ಗುರುತು ಮಾಡುವುದರಿಂದ, ಲಿಂಕಿನಲ್ಲಿ ಸಮಯ ತಿದ್ದಿದರೆ ಗುರುತು ಹೊಂದುವುದಿಲ್ಲ. ಈ ಸಲ ಲಿಂಕನ್ನು ಅಕ್ಕನ ಫೋನಿಗೆ ಕಳಿಸಿ ಎರಡು ಗಂಟೆ ಕಾದೆ. ತೆರೆಯಲಿಲ್ಲ. ಅಷ್ಟು ಖುಷಿಯಿಂದ ಕೆಟ್ಟ ಲಿಂಕನ್ನು ನಾನು ಯಾವತ್ತೂ ನೋಡಿರಲಿಲ್ಲ.

ಪರದೆಯನ್ನೇ ರೆಕಾರ್ಡ್ ಮಾಡಿಕೊಂಡರೆ ಇದು ತಡೆಯುವುದಿಲ್ಲ ಎಂದೂ ಮಾಸ್ತರರಿಗೆ ಹೇಳಿದೆ. ಅವರು ನಕ್ಕರು: "ಮಾಡ್ಕೊಳ್ಳಲಿ. ಬೆರಳು ತಪ್ಪಿದಾಗ ತಿದ್ದಾವ್ರು ಯಾರು?" ಅದರಿಂದಲೇ ಪ್ರತಿ ಭಾನುವಾರ ಒಂದು ಗಂಟೆ ವಿಡಿಯೋ ಕರೆಯಲ್ಲಿ ತಿದ್ದುವ ಪಾಠ ಶುರುವಾಯಿತು. ಹೊಸದಾಗಿ ಸೇರುವವರು ಮೊದಲು ಅದನ್ನೇ ಕೇಳುತ್ತಾರೆ.

ಸೋರಿಹೋದ ಆರು ಪಾಠಗಳನ್ನು ಹಳೆಯ ಫೋಲ್ಡರಿನಿಂದ ಅಳಿಸಿದೆ. ಮಾಸ್ತರರು ಅವನ್ನು ಯೂಟ್ಯೂಬಿನಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಬೀಗ ಈಗ ಏಳನೆಯ ಪಾಠದಿಂದ, ಭೂಪ ರಾಗದಿಂದ.