ಅರ್ಧ ದಪ್ಪದ ಲೆಕ್ಕ

ಪೀಣ್ಯದ ಶೆಡ್ಡೊಂದರಲ್ಲಿ ನಾನು ಕೆಲಸಕ್ಕೆ ಸೇರಿದ್ದು 1986ರಲ್ಲಿ. ಎಲೆಕ್ಟ್ರಿಕ್ ಪ್ಯಾನಲ್‌ಗಳಿಗೆ ತಗಡಿನ ಪೆಟ್ಟಿಗೆ, ಬಾಗಿಲು, ಒಳಗಿನ ಟ್ರೇ ಮಾಡುವ ಸಣ್ಣ ಕಾರ್ಖಾನೆ. ಬಾಗಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಸದಾ ಅಂಕಿಗಳಿರುತ್ತಿದ್ದವು. ಯಾವ ಪೀಸಿಗೆ ಎಷ್ಟು ಉದ್ದದ ತಗಡು ಕತ್ತರಿಸಬೇಕು ಅನ್ನುವ ಲೆಕ್ಕ ಅದು. ನಮ್ಮಲ್ಲಿ ಅದಕ್ಕೆ ‘ಡೆವಲಪ್‌ಮೆಂಟ್’ ಅನ್ನುತ್ತಿದ್ದರು. ಬರೆಯುತ್ತಿದ್ದವರು ಮೇಸ್ತ್ರಿ ಒಬ್ಬರೇ.

ನನಗೆ ಅವರು ಮೊದಲ ವಾರವೇ ಹೇಳಿಕೊಟ್ಟ ಸೂತ್ರ ಇಷ್ಟು: ‘ಒಳಗಿನ ಅಳತೆಗಳನ್ನೆಲ್ಲ ಕೂಡು. ಒಂದೊಂದು ಬೆಂಡಿಗೆ ಅರ್ಧ ದಪ್ಪ ಸೇರಿಸು. ಮುಗೀತು.’

2 ಮಿಲಿಮೀಟರ್ ತಗಡಿನಲ್ಲಿ ಒಂದು ಟ್ರೇ ಮಾಡಬೇಕು ಅನ್ನಿ. ಹೊರ ಅಳತೆಯಲ್ಲಿ ತಳ 100, ಎರಡೂ ಪಕ್ಕ 40. ಒಳಗಿನಿಂದ ಅಳೆದರೆ ಪಕ್ಕಗಳು 38, ತಳ 96. ಕೂಡಿದರೆ 172. ಎರಡು ಬೆಂಡಿಗೆ ಒಂದೊಂದು ಮಿಲಿಮೀಟರ್ ಸೇರಿಸಿ 174ಕ್ಕೆ ಕತ್ತರಿಸುವುದು. ಬಗ್ಗಿಸಿ ಅಳೆದರೆ ಅರ್ಧ ಮಿಲಿಮೀಟರಿನ ಒಳಗೆ ಸರಿಯಾಗಿರುತ್ತಿತ್ತು. ಡ್ರಾಯಿಂಗ್ ಕೇಳುತ್ತಿದ್ದದ್ದೂ ಅಷ್ಟನ್ನೇ.

ಅರ್ಧ ದಪ್ಪವೇ ಯಾಕೆ ಎಂದು ಒಮ್ಮೆ ಕೇಳಿದ್ದೆ. ಮೇಸ್ತ್ರಿ ಒಂದು ಪಟ್ಟಿ ತಗೊಂಡು, ಎರಡೂ ಮುಖದ ಮೇಲೆ ಸ್ಕ್ರೈಬರಿನಿಂದ 10 ಮಿಲಿಮೀಟರ್ ಅಂತರದ ಎರಡು ಗೀರು ಎಳೆದರು. ಗೀರುಗಳ ನಡುವೆ ಬಗ್ಗಿಸಿ ನನ್ನ ಕೈಗೆ ಕೊಟ್ಟರು. ಹೊರಮೈಯಲ್ಲಿ ಗೀರುಗಳು ದೂರ ಸರಿದಿದ್ದವು, ಒಳಮೈಯಲ್ಲಿ ಹತ್ತಿರ ಬಂದಿದ್ದವು. ‘ಹೊರಗಡೆ ಹಿಗ್ಗತ್ತೆ, ಒಳಗಡೆ ಕುಗ್ಗತ್ತೆ. ಮಧ್ಯೆ ಎಲ್ಲೋ ಒಂದು ಪದರ ಹಿಗ್ಗೋದೂ ಇಲ್ಲ, ಕುಗ್ಗೋದೂ ಇಲ್ಲ. ಆ ಪದರದ ಉದ್ದವೇ ನಾವು ಕತ್ತರಿಸೋ ಉದ್ದ, ತಮ್ಮ’ ಎಂದರು. ಆ ಪದರಕ್ಕೆ ನ್ಯೂಟ್ರಲ್ ಆಕ್ಸಿಸ್ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಆಮೇಲೆ. ಬಗ್ಗಿಸುವ ಮೊದಲು ಅದು ದಪ್ಪದ ನಟ್ಟನಡುವೆ ಇರುತ್ತದೆ. ಬಿಗಿಯಾಗಿ ಬಗ್ಗಿಸಿದಷ್ಟೂ ಒಳಮೈಯ ಕಡೆಗೆ ಸರಿಯುತ್ತದೆ. ಒಳಮೈಯಿಂದ ಅದು ದಪ್ಪದ ಎಷ್ಟನೇ ಪಾಲಿನಲ್ಲಿದೆ ಎನ್ನುವುದೇ ಪುಸ್ತಕಗಳಲ್ಲಿ ಬರುವ ಕೆ-ಫ್ಯಾಕ್ಟರ್.

ಸುಮಾರು ಏಳು ವರ್ಷ ಆ ಗೋಡೆಯ ಲೆಕ್ಕ ನಮ್ಮನ್ನು ಸಾಕಿತು. ಆಮೇಲೆ ಹೈಡ್ರಾಲಿಕ್ ಪ್ರೆಸ್ ಬ್ರೇಕ್ ಬಂತು.

ಹಳೆಯ ಮಷೀನಿನಲ್ಲಿ ಪಂಚು ತಗಡನ್ನು ಡೈಯ ತಳದವರೆಗೆ ಒತ್ತಿ ಕೂರಿಸುತ್ತಿತ್ತು. ಪಂಚಿನ ತುದಿ 1 ಮಿಲಿಮೀಟರ್ ಗುಂಡಗಿದ್ದರೆ ತಗಡಿನ ಒಳಮೂಲೆಗೂ ಅದೇ 1 ಮಿಲಿಮೀಟರ್ ರೇಡಿಯಸ್ ಬರುತ್ತಿತ್ತು. ಆದರೆ ಹಾಗೆ ಒತ್ತಲು ವಿಪರೀತ ಟನ್ನೇಜ್ ಬೇಕು, ಒಂದೊಂದು ಕೋನಕ್ಕೂ ಬೇರೆ ಡೈ ಬೇಕು. ಹೊಸ ಮಷೀನಿನಲ್ಲಿ ಏರ್ ಬೆಂಡಿಂಗ್. ತಗಡು ಡೈಯ ಎರಡು ಭುಜಗಳ ಮೇಲೆ ಕೂತಿರುತ್ತದೆ, ಪಂಚು ನಡುವೆ ಇಳಿಯುತ್ತದೆ, ತಳ ಮುಟ್ಟುವುದೇ ಇಲ್ಲ. ಎಷ್ಟು ಆಳ ಇಳಿಯಿತೋ ಅಷ್ಟು ಕೋನ. ಒಂದೇ ಡೈಯಲ್ಲಿ ಬೇಕಾದ ಕೋನಗಳನ್ನೆಲ್ಲ ತೆಗೆಯಬಹುದು. ಎಲ್ಲರಿಗೂ ಸಂತೋಷ.

ಮೊದಲ ದೊಡ್ಡ ಆರ್ಡರ್ ಅದೇ ಟ್ರೇ. ರೂಢಿಯಂತೆ 174ಕ್ಕೆ ಕತ್ತರಿಸಿ ಬಗ್ಗಿಸಿದೆವು. ಪಕ್ಕಗಳನ್ನು ಅಳೆದೆ, ಎರಡೂ 40. ಕೋನ 90. ಕಣ್ಣಿಗೆ ಎಲ್ಲ ಸರಿಯಾಗಿತ್ತು. ಜೋಡಿಸುವಾಗ ಮಾತ್ರ ಟ್ರೇ ತನ್ನ ಗೂಡಿನೊಳಗೆ ಹೋಗಲಿಲ್ಲ. ತಳ ಅಳೆದರೆ 101.5!

ಪಕ್ಕಗಳು ಸರಿಯಿದ್ದು ತಳ ಮಾತ್ರ ತಪ್ಪಿದ್ದು ನನಗೆ ಎರಡು ದಿನ ಒಗಟಾಗಿ ಕಾಡಿತು. ಕಾರಣ ಮಷೀನಿನ ಹಿಂದಿನ ಬ್ಯಾಕ್ ಗೇಜ್. ತಗಡಿನ ಅಂಚನ್ನು ಗೇಜಿಗೆ ತಾಗಿಸಿ ಒಂದು ಪಕ್ಕ ಬಗ್ಗಿಸುತ್ತೇವೆ, ತಿರುಗಿಸಿ ಇನ್ನೊಂದು ಅಂಚನ್ನು ತಾಗಿಸಿ ಎರಡನೆಯದನ್ನು ಬಗ್ಗಿಸುತ್ತೇವೆ. ಹಾಗಾಗಿ ಎರಡು ಪಕ್ಕದ ಅಳತೆಯನ್ನೂ ಗೇಜು ಕಾಯುತ್ತದೆ. ಕತ್ತರಿಸಿದ್ದರಲ್ಲಿ ಹೆಚ್ಚಿದ್ದದ್ದೆಲ್ಲ ತಳಕ್ಕೆ ಹೋಗಿ ಸೇರುತ್ತದೆ. ಎರಡನೇ ಬೆಂಡಿಗೆ ಮೊದಲ ಬೆಂಡನ್ನೇ ಗೇಜಿಗೆ ತಾಗಿಸಿದ್ದರೆ ತಳ ಸರಿ ಬಂದು ಕೊನೆಯ ಪಕ್ಕ ಉದ್ದವಾಗುತ್ತಿತ್ತು. ಈಗಲೂ ಯಾರಾದರೂ ತಪ್ಪಿದ ಪೀಸ್ ತಂದರೆ ನಾನು ಮೊದಲು ಕೇಳುವುದು ಗೇಜಿಗೆ ಏನನ್ನು ತಾಗಿಸಿದಿರಿ ಎಂದೇ.

ಮೇಸ್ತ್ರಿ ಕೋಪ ಮಾಡಿಕೊಳ್ಳಲಿಲ್ಲ, ಮಷೀನನ್ನು ಬೈಯಲೂ ಇಲ್ಲ. ‘ತಗಡನ್ನೇ ಕೇಳೋಣ ಬಾ’ ಎಂದು ಅದೇ ಶೀಟಿನಿಂದ ಸರಿಯಾಗಿ 100 ಮಿಲಿಮೀಟರ್ ಉದ್ದದ ಪಟ್ಟಿ ಕತ್ತರಿಸಿದರು. ಟ್ರೇಗೆ ಬಳಸಿದ 16 ಮಿಲಿಮೀಟರ್ ಬಾಯಿಯ ಡೈಯಲ್ಲೇ ನಡುವೆ 90ಕ್ಕೆ ಬಗ್ಗಿಸಿದರು. ಎರಡು ಭುಜಗಳ ಹೊರ ಅಳತೆ ಕೂಡಿದಾಗ 103.75 ಬಂತು. ಅಂದರೆ ಈ ತಗಡು, ಈ ಡೈಯಲ್ಲಿ, ಒಂದು ಬೆಂಡಿಗೆ ಹೊರ ಅಳತೆಯಿಂದ 3.75 ಕಳೆಯಬೇಕು. ನಮ್ಮ ಟ್ರೇಯ ಹೊರ ಅಳತೆಗಳ ಮೊತ್ತ 180. ಎರಡು ಬೆಂಡಿಗೆ 7.5 ಕಳೆದರೆ 172.5. ಆ ಅಳತೆಗೆ ಕತ್ತರಿಸಿದ ಟ್ರೇ ಗೂಡಿನೊಳಗೆ ಸಲೀಸಾಗಿ ಜಾರಿತು.

ಅರ್ಧ ದಪ್ಪ ಯಾಕೆ ಕೈಕೊಟ್ಟಿತು? ರೇಡಿಯಸ್ ಗೇಜ್ ಇಟ್ಟು ನೋಡಿದೆ. ಒಳಮೂಲೆ 1 ಮಿಲಿಮೀಟರ್ ಇರಲಿಲ್ಲ, 2.5 ಇತ್ತು. ಪಂಚಿನ ತುದಿ ಮಾತ್ರ 1 ಮಿಲಿಮೀಟರೇ! ಏರ್ ಬೆಂಡಿಂಗಿನಲ್ಲಿ ಒಳ ರೇಡಿಯಸ್ಸನ್ನು ತೀರ್ಮಾನಿಸುವುದು ಪಂಚಲ್ಲ, ಡೈಯ ಬಾಯಿ. ಮಾಮೂಲಿ ಮೈಲ್ಡ್ ಸ್ಟೀಲಿನಲ್ಲಿ ಅದು ಬಾಯಿಯ ಅಗಲದ ಸುಮಾರು ಆರನೇ ಒಂದು ಪಾಲು ಬರುತ್ತದೆ. ಸ್ಟೇನ್‌ಲೆಸ್‌ನಲ್ಲಿ ಇನ್ನೂ ದೊಡ್ಡದು, ಹೆಚ್ಚುಕಡಿಮೆ ಐದನೇ ಒಂದು ಪಾಲು. ಮೂಲೆ ಗುಂಡಗಾದಷ್ಟೂ ತಗಡು ಮೂಲೆಯ ತುದಿಯವರೆಗೆ ಹೋಗದೆ ಅಡ್ಡದಾರಿ ಹಿಡಿಯುತ್ತದೆ, ಕಡಿಮೆ ಉದ್ದ ಸಾಕಾಗುತ್ತದೆ. ಮೇಸ್ತ್ರಿಯ ಸೂತ್ರ ಸುಳ್ಳಾಗಿರಲಿಲ್ಲ. ಅದು ಬಿಗಿ ಮೂಲೆಗೆ ಹುಟ್ಟಿದ ಸೂತ್ರ, ನಮ್ಮ ಮೂಲೆ ಬದಲಾಗಿತ್ತು.

ಆ ರಾತ್ರಿ ಪುಸ್ತಕದ ಸೂತ್ರವನ್ನು ಇದೇ ಪಟ್ಟಿಗೆ ಹಚ್ಚಿ ನೋಡಿದೆ.

```
BA = (π/180) × A × (R + K × T)
BD = 2 × tan(A/2) × (R + T) − BA
```

T ದಪ್ಪ, R ಒಳ ರೇಡಿಯಸ್, A ಬಗ್ಗಿಸಿದ ಕೋನ, K ಆ ನಡುಪದರದ ಜಾಗ. BA ಅಂದರೆ ಬೆಂಡ್ ಅಲವೆನ್ಸ್, ಕಮಾನಿನೊಳಗೆ ನಡುಪದರದ ಉದ್ದ. BD ಅಂದರೆ ಹೊರ ಅಳತೆಯಿಂದ ಕಳೆಯಬೇಕಾದದ್ದು. 90 ಡಿಗ್ರಿಗೆ ಮೊದಲ ಭಾಗ 2 × 4.5, ಅಂದರೆ 9. ನಾವು ಅಳೆದ 3.75 ಕಳೆದರೆ ಅಲವೆನ್ಸ್ 5.25. ಅದನ್ನು 1.5708ರಿಂದ ಭಾಗಿಸಿದರೆ 3.34. ರೇಡಿಯಸ್ 2.5 ತೆಗೆದರೆ 0.84 ಉಳಿಯಿತು. ದಪ್ಪ 2ರಿಂದ ಭಾಗಿಸಿದರೆ K 0.42. ಪುಸ್ತಕಗಳು ಇದು 0.33ರಿಂದ 0.5ರೊಳಗೆ ಇರುತ್ತದೆ ಎನ್ನುತ್ತವೆ. ನಮ್ಮದು ಅದರೊಳಗೇ ಬಿದ್ದದ್ದು ನೋಡಿ ನನಗಾದ ಆನಂದ ಈಗಲೂ ನೆನಪಿದೆ.

ಆದರೆ ಅದೇ ಸೂತ್ರ ನನ್ನಿಂದ ಒಂದು ದೊಡ್ಡ ತಪ್ಪನ್ನೂ ಮಾಡಿಸಿತು. ಹೊರಾಂಗಣದ ಪ್ಯಾನಲ್‌ಗಳಿಗೆ ಮಳೆನೀರು ಜಾರುವಂಥ ಇಳಿಜಾರಿನ ಟೋಪಿ ಬೇಕಿತ್ತು. ಡ್ರಾಯಿಂಗಿನಲ್ಲಿ ಎರಡು ಮುಖಗಳ ನಡುವೆ 135 ಡಿಗ್ರಿ ಎಂದಿತ್ತು. ನಾನು A ಜಾಗಕ್ಕೆ 135 ಹಾಕಿದೆ, ಕಳೆಯಬೇಕಾದದ್ದು 13.86 ಬಂತು. ಅಷ್ಟು ಕಳೆದು ಕತ್ತರಿಸಿದೆ. ಸೂತ್ರ ಕೇಳುವುದು ಮುಖಗಳ ನಡುವೆ ಉಳಿದ ಕೋನವನ್ನಲ್ಲ, ಚಪ್ಪಟೆ ತಗಡು ಎಷ್ಟು ತಿರುಗಿತು ಎನ್ನುವುದನ್ನು. ಇಲ್ಲಿ ತಗಡು ತಿರುಗಿದ್ದು 45 ಮಾತ್ರ. 45 ಹಾಕಿದರೆ ಕಳೆಯಬೇಕಾದದ್ದು ಬರೀ 1.1. ಬೆಂಡೊಂದಕ್ಕೆ ಹನ್ನೆರಡೂ ಮುಕ್ಕಾಲು ಮಿಲಿಮೀಟರ್ ತಗಡು ಗಿಡ್ಡವಾಯಿತು, ಅಷ್ಟೂ ಟೋಪಿಗಳು ಗುಜರಿಗೆ ಹೋದವು. 90ರಲ್ಲಿ ಎರಡೂ ಕೋನ ಒಂದೇ ಆದ್ದರಿಂದ ಅಷ್ಟು ವರ್ಷ ಈ ವ್ಯತ್ಯಾಸ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಕಡಿಮೆ ಬಗ್ಗಿಸಿದ ತಗಡಿಗೆ 90ರ 3.75ಕ್ಕಿಂತ ಹೆಚ್ಚು ಕಳೆಯುವುದುಂಟೇ ಎಂದು ಒಂದು ಕ್ಷಣ ಯೋಚಿಸಿದ್ದರೆ ಕತ್ತರಿಸುವ ಮೊದಲೇ ಹಿಡಿಯಬಹುದಿತ್ತು.

ಮೇಸ್ತ್ರಿ ನಿವೃತ್ತರಾದರು. ಶಿಯರಿಂಗ್ ಮಷೀನಿನ ಜಾಗಕ್ಕೆ ಲೇಸರ್ ಬಂತು. ಗೋಡೆಗೆ ಬಣ್ಣ ಹೊಡೆದರು. ಡೆವಲಪ್‌ಮೆಂಟ್ ಈಗ ಮೇಲಿನ ಮಹಡಿಯ ಎ.ಸಿ. ಕೋಣೆಯಲ್ಲಿ, ಕಂಪ್ಯೂಟರಿನಲ್ಲಿ. ಬಗ್ಗಿದ ಪೀಸನ್ನು ಪರದೆಯ ಮೇಲೆ ಬಿಡಿಸಿ ಒಂದು ಗುಂಡಿ ಒತ್ತಿದರೆ ಅದು ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ.

ಒಂದು ದಿನ ಹೊಸದಾಗಿ ಸೇರಿದ ಡಿಸೈನ್ ಇಂಜಿನಿಯರ್ ಹುಡುಗಿ ಒಂದು ಟ್ರೇ ಹಿಡಿದು ಕೆಳಗೆ ಬಂದಳು. ‘ಸರ್, ಪಕ್ಕ ಎರಡೂ ಕರೆಕ್ಟಾಗಿದೆ, ತಳ ಮಾತ್ರ ಜಾಸ್ತಿ ಬರ್ತಿದೆ.’ 2 ಮಿಲಿಮೀಟರ್ ತಗಡು. ತಳ 100, ಪಕ್ಕ 40. ಬ್ಲಾಂಕ್ ಎಷ್ಟು ಬಂದಿದೆ ಎಂದು ಕೇಳಿದೆ. 174.28 ಎಂದಳು.

ನನಗೆ ಮೈ ಜುಮ್ಮೆಂದಿತು. ಮೇಸ್ತ್ರಿಯ ಸೀಮೆಸುಣ್ಣದ 174 ಕಂಪ್ಯೂಟರಿನಿಂದ ಹೊರಬಂದಿತ್ತು, ಎರಡು ದಶಾಂಶ ಸ್ಥಾನ ಸೇರಿಸಿಕೊಂಡು. ಮೇಲೆ ಹೋಗಿ ನೋಡಿದೆ. ರೇಡಿಯಸ್ 1, K 0.5. ಯಾರೂ ಹಾಕಿದ್ದಲ್ಲ, ಹೊಸ ಫೈಲ್ ತೆರೆದಾಗಿನಿಂದ ಹಾಗೇ ಉಳಿದದ್ದು.

‘ಕೆ-ಫ್ಯಾಕ್ಟರ್ ತಪ್ಪಿರಬೇಕು ಸರ್’ ಎಂದು ಅದನ್ನು 0.42 ಮಾಡಿದಳು. 173.78 ಬಂತು. ‘ಅದನ್ನು ಹಾಗೇ ಬಿಡಮ್ಮ, ರೇಡಿಯಸ್ ಬದಲಿಸು’ ಎಂದೆ. K ಮತ್ತೆ 0.5 ಮಾಡಿ ರೇಡಿಯಸ್ 2.5 ಹಾಕಿದಳು, 173 ಬಂತು. ಎರಡನ್ನೂ ತಿದ್ದಿದಾಗ 172.5. ಎಲ್ಲರೂ ಕೆ-ಫ್ಯಾಕ್ಟರ್ ಬಗ್ಗೆಯೇ ವಾದ ಮಾಡುತ್ತಾರೆ. ಇಲ್ಲಿ ಅದರಿಂದಾದ ತಪ್ಪು ಅರ್ಧ ಮಿಲಿಮೀಟರ್, ರೇಡಿಯಸ್ಸಿನಿಂದಾದದ್ದು 1.28.

ಮಧ್ಯಾಹ್ನ ಊಟವಾದ ಮೇಲೆ ಅವಳನ್ನು ಮಷೀನಿನ ಹತ್ತಿರ ಕರೆದೊಯ್ದೆ. ಕಂಬಕ್ಕೆ ಹೊಡೆದ ಮೊಳೆಯಲ್ಲಿ ತಂತಿಗೆ ಪೋಣಿಸಿದ ಬಗ್ಗಿದ ಪಟ್ಟಿಗಳ ಗೊಂಚಲು ತೂಗುತ್ತದೆ. ಪ್ರತಿಯೊಂದರ ಮೇಲೂ ಮೈಕ್ರೋಮೀಟರಿನಲ್ಲಿ ಅಳೆದ ದಪ್ಪ, ಡೈಯ ಬಾಯಿ, ಕಳೆಯಬೇಕಾದ ಅಂಕಿ ಪಂಚ್ ಮಾಡಿದೆ. ದಪ್ಪ ಅಳೆಯಲೇಬೇಕು, 2 ಎಂದು ಬಿಲ್ಲಿನಲ್ಲಿದ್ದ ಶೀಟ್ 1.9 ಇದ್ದದ್ದನ್ನು ನಾನು ಕಂಡಿದ್ದೇನೆ. ಕೋನ ನಿಜಕ್ಕೂ 90 ಆಗಿದೆಯೇ ಎಂದು ಟ್ರೈ ಸ್ಕ್ವೇರ್ ಇಟ್ಟು ನೋಡದೆ ಭುಜ ಅಳೆದರೂ ಲೆಕ್ಕ ಕೆಡುತ್ತದೆ. ಸ್ಟೇನ್‌ಲೆಸ್ ಹೆಚ್ಚು ಸೆಟೆದು ವಾಪಸ್ ಬರುವುದರಿಂದ ಅದಕ್ಕೆ ಬೇರೆಯದೇ ಗೊಂಚಲಿದೆ.

ಅವಳು 100 ಮಿಲಿಮೀಟರಿನ ಪಟ್ಟಿ ಹಿಡಿದಳು, ನಾನು ಪೆಡಲ್ ಒತ್ತಿದೆ. ಅಂದು ಹಾಕಿದ್ದದ್ದು 12 ಮಿಲಿಮೀಟರ್ ಬಾಯಿಯ ಡೈ. ವರ್ನಿಯರ್ ಅವಳ ಕೈಯಲ್ಲಿತ್ತು. ಮೊದಲ ಭುಜ ಅಳೆದು ಅಂಗೈ ಮೇಲೆ ಬರೆದುಕೊಂಡು, ಎರಡನೆಯದಕ್ಕೆ ಪಟ್ಟಿ ತಿರುಗಿಸಿದಳು.