ಗಾಳಿ ತಿರುಗುವ ವಾರ

2023ರ ಜೂನ್ ಮೊದಲ ವಾರ. ನೀವು ಮಂಗಳೂರಿನ ದಕ್ಕೆಯಲ್ಲಿ ನಿಂತಿದ್ದೀರಿ. ಮೀನುಗಾರಿಕೆಗೆ ರಜೆ ಶುರುವಾಗಿದೆ, ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಮೈಯ ಬೆವರು ಆರುತ್ತಿಲ್ಲ. ಜೂನ್ 4ಕ್ಕೆ, ಹೆಚ್ಚೆಂದರೆ ನಾಲ್ಕು ದಿನ ಆಚೀಚೆ, ಮುಂಗಾರು ಕೇರಳ ಮುಟ್ಟುತ್ತದೆಂದು ಹವಾಮಾನ ಇಲಾಖೆ ಹೇಳಿತ್ತು. ಆ ದಿನ ಕಳೆದುಹೋಗಿದೆ.

ಸಂಜೆಗೊಂದು ಗುಡುಗುಮಳೆ ಸುರಿದರೂ ಇಲಾಖೆ ಅದನ್ನು ಮುಂಗಾರು ಎಂದು ಒಪ್ಪುವುದಿಲ್ಲ. ಲಕ್ಷದ್ವೀಪ, ಕೇರಳದ ಊರುಗಳ ಜೊತೆ ನಿಮ್ಮ ಮಂಗಳೂರೂ ಸೇರಿ 14 ಕೇಂದ್ರಗಳಿವೆ. ಅವುಗಳಲ್ಲಿ ಶೇ 60ರಷ್ಟರಲ್ಲಾದರೂ ಸತತ ಎರಡು ದಿನ 2.5 ಮಿ.ಮೀ. ಮಳೆ ಬೀಳಬೇಕು. ಪಡುವಣ ಗಾಳಿ ಕಡಲಮಟ್ಟದಿಂದ ಸುಮಾರು ನಾಲ್ಕೂವರೆ ಕಿ.ಮೀ. ಎತ್ತರದವರೆಗೂ ಬೀಸುತ್ತಿರಬೇಕು.

ಆ ಗಾಳಿಯ ಸಿದ್ಧತೆ ವಾರಗಟ್ಟಲೆ ಹಿಂದೆಯೇ, ಬಹುದೂರದಲ್ಲಿ ಶುರುವಾಗಿದೆ. ಟಿಬೆಟ್ ಮತ್ತು ಉತ್ತರ ಭಾರತದ ಮೇಲಿನ ಎತ್ತರದ ಗಾಳಿ ಕಾದು, ತೆಂಕಣ ಹಿಂದೂ ಮಹಾಸಾಗರದ ಮೇಲಿನ ಗಾಳಿಗಿಂತ ಬೆಚ್ಚಗಾಗಬೇಕು. ಆಗ ಮಸ್ಕರೀನ್ ದ್ವೀಪಗಳ ಕಡೆಯ ಗಾಳಿ ಸಮಭಾಜಕ ವೃತ್ತ ದಾಟಿ, ಸೊಮಾಲಿಯಾ ಕರಾವಳಿಯಲ್ಲಿ ವೇಗ ಪಡೆದು, ನಿಮ್ಮತ್ತ ತಿರುಗುತ್ತದೆ. ಬಿಸಿಲು ಪ್ರತಿವರ್ಷ ಹೆಚ್ಚುಕಡಿಮೆ ಅದೇ ಹೊತ್ತಿಗೆ ಏರುವುದರಿಂದಲೇ ಸರಾಸರಿ ಜೂನ್ 1ರ ಸುತ್ತ ನಿಂತಿದೆ. ಆದರೆ ಬಿಸಿಲು ಋತುವನ್ನಷ್ಟೇ ತರುತ್ತದೆ, ದಿನವನ್ನಲ್ಲ. 1918ರಲ್ಲಿ ಮುಂಗಾರು ಮೇ 11ಕ್ಕೇ ಬಂದಿತ್ತು. 1972ರಲ್ಲಿ ಜೂನ್ 18ರವರೆಗೆ ಕಾಯಿಸಿತು.

ದಿನವನ್ನು ತೀರ್ಮಾನಿಸುವುದು ಆ ವಾರ ಕಡಲ ಮೇಲೆ ಏನು ಹಾದುಹೋಗುತ್ತದೆ ಎಂಬುದು. ಜೂನ್ 6. ಅರಬ್ಬಿ ಸಮುದ್ರದಲ್ಲಿ ‘ಬಿಪರ್‌ಜಾಯ್’ ಚಂಡಮಾರುತ ಎದ್ದಿದೆ. ಕೇರಳದತ್ತ ನೇರ ಬರಬೇಕಿದ್ದ ಗಾಳಿ ಅದರ ಸುತ್ತ ಸುತ್ತತೊಡಗಿದೆ, ತೇವವೂ ಅತ್ತಲೇ ಸೇರುತ್ತಿದೆ. ಅಲೆ ದೊಡ್ಡದಾಗಿದೆ, ನಿಮ್ಮ ಮುಖಕ್ಕೆ ಬಡಿಯುವ ಗಾಳಿಯೂ ಜೋರಾಗಿದೆ, ಆದರೂ ಮುಂಗಾರು ಗಟ್ಟಿಯಾಗಿ ನೆಲೆಯೂರುತ್ತಿಲ್ಲ. ಕೇರಳದಲ್ಲಿ ಅದರ ಆಗಮನ ಘೋಷಣೆಯಾಗುವುದು 8ರಂದು. ಬಂದ ಮೇಲೂ ಅದು ತಡವರಿಸಿತು: ಮುಂಬೈ ಮುಟ್ಟಿದ್ದು ಜೂನ್ 25ಕ್ಕೆ, ದೆಹಲಿ ಮುಟ್ಟಿದ ದಿನವೇ.

ಸುಳಿಗಾಳಿ ಯಾವಾಗಲೂ ಅಡ್ಡಿಯೇ ಎಂದುಕೊಳ್ಳಬೇಡಿ. ಇದೇ ದಕ್ಕೆಯಲ್ಲಿ 2025ರ ಮೇ ಕೊನೆಗೆ ನಿಂತು ನೋಡಿ. ಈ ಸಲ ವಾಯುಭಾರ ಕುಸಿತ ಕೊಂಕಣ ತೀರಕ್ಕೆ ಹತ್ತಿರದಲ್ಲೇ ಆಗಿದೆ. ಅದರ ತೆಂಕಣ ಅಂಚಿನ ಪಡುವಣ ಗಾಳಿ ಸೀದಾ ನಮ್ಮ ಕರಾವಳಿಗೆ ನುಗ್ಗುತ್ತಿದೆ. ಮೇ 24ಕ್ಕೇ ಮುಂಗಾರು ಕೇರಳದಲ್ಲಿತ್ತು, ಎರಡು ದಿನಕ್ಕೆ ಮುಂಬೈಯಲ್ಲೂ. ಸುಳಿ ತೀರದ ಹತ್ತಿರವಿದ್ದರೆ ಗಾಳಿಯನ್ನು ಎಳೆದು ತರುತ್ತದೆ, ದೂರ ಸರಿದರೆ ಒಯ್ಯುತ್ತದೆ. ಅದು ಎಲ್ಲಿ ಏಳುತ್ತದೆಂಬುದು ಕೆಲವೇ ದಿನ ಮುಂಚೆ ಗೊತ್ತಾಗುವುದರಿಂದ, ತಿಂಗಳ ಮುಂಚೆಯೇ ನಿಖರ ದಿನಾಂಕ ಹೇಳುವವರನ್ನು ನಾನು ನಂಬುವುದಿಲ್ಲ.

ಬೇಗ ಬಂದಿತೆಂದು ಬಿತ್ತನೆಗೆ ಅವಸರಪಡುವ ರೈತ 2009ನ್ನು ನೆನೆಯಬೇಕು. ಆ ವರ್ಷ ಮೇ 23ಕ್ಕೇ ಮುಂಗಾರು ಕೇರಳಕ್ಕೆ ಬಂದಿತ್ತು. ಸೆಪ್ಟೆಂಬರ್ ಮುಗಿದಾಗ ದೇಶದ ಮಳೆ ಶೇ 22ರಷ್ಟು ಕಡಿಮೆಯಿತ್ತು.