ಹಾಳೆ ನಿಂತಿತು

ವಿನ್ಯಾಸ ಕಾಲೇಜಿನ ಪ್ರವೇಶ ಪರೀಕ್ಷೆಗೆ ಮಗ ದಿನವೂ ಚಿತ್ರ ಬರೆಯುತ್ತಿದ್ದ. ಒಂದು ಸಂಜೆ ಹಳೆಯ ಪತ್ರಿಕೆಯ ಹಾಳೆ ಕೊಟ್ಟು, "ಅಂಟು ಹಚ್ಚಬ್ಯಾಡ, ಚೂರೂ ಕೆಡಸಬ್ಯಾಡ, ಇದನ್ನ ನಿಂದ್ರಸು ನೋಡೂಣು" ಎಂದೆ. 1920ರ ದಶಕದಲ್ಲಿ ಜರ್ಮನಿಯ ಬೌಹೌಸ್ ಶಾಲೆಯ ಪ್ರಾರಂಭಿಕ ತರಗತಿಯಲ್ಲಿ ಜೋಸೆಫ್ ಆಲ್ಬರ್ಸ್ ಕೊಡುತ್ತಿದ್ದ ಪಾಠವಿದು.

ಮಗ ದೋಣಿ ಮಾಡಿದ. "ದೋಣಿ ಕಟ್ಟಿಗೀಲೆ ಇನ್ನೂ ಚಲೋ ಆಕ್ಕೈತಿ. ಕಾಗದಕ್ಕಷ್ಟೇ ಆಗೂದು ಯಾವುದು?" ಎಂದೆ. ಬೇಸರದಿಂದ ಹಾಳೆಯನ್ನು ಬಿಡಿಸಿ, ಉದ್ದಕ್ಕೆ ಮಡಿಕೆ ಮಡಿಕೆಯಾಗಿ ಮಡಿಚಿದ. ಅದು ನಿಂತಿತು, ಮೇಲಿಟ್ಟ ಪುಸ್ತಕವನ್ನೂ ಹೊತ್ತಿತು. ಬಲ ಮಡಿಕೆಯಲ್ಲಿತ್ತು.

ಮರುದಿನ ಕೊಪ್ಪಳದ ಬಳಿಯ ಕಿನ್ನಾಳಕ್ಕೆ ಹೋದೆವು. ಹಗುರ ಕಟ್ಟಿಗೆಯ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ ಗೊಂಬೆ ಮಾಡುವವರಿಗೂ ಕೈಯೇ ಗುರು. ಆದರೆ ಅಲ್ಲಿ ಒಂದೊಂದು ಗೊಂಬೆಗೂ ಕೈಯೇ ಬೇಕು. ಬೌಹೌಸ್ ಕೈ ಕಲಿತದ್ದನ್ನು ಕಾರ್ಖಾನೆಯ ಮಾದರಿಯಾಗಿಸಲು ಹೊರಟಿತ್ತು.

ಮಗ ಕಟ್ಟಿಗೆಯ ಚೂರೊಂದನ್ನು ಕೇಳಿ ತಂದ.